ನೂರು ಪದ, ಮೂರು ಪೈಸೆ

ಪ್ರೇಮಚಂದರ ‘ಈದ್ಗಾಹ್’ ಕಥೆಯನ್ನು ಸರಿಯಾಗಿ 100 ಪದಗಳಲ್ಲಿ ಸಂಗ್ರಹಿಸಿ ಬರೆಯಿರಿ ಎಂದು ತರಗತಿಯಲ್ಲಿ ಹೇಳಿದ್ದರು. 99 ಅಲ್ಲ, 101 ಅಲ್ಲ. ನಾನು ಬರೆದು, ಬೆರಳಿಟ್ಟು ಎಣಿಸಿ, ಮನೆಯಲ್ಲಿ ಅಮ್ಮಿಗೆ ಓದಿ ಹೇಳಿದೆ. ಅವರು ಆ ಕಥೆ ಓದಿಲ್ಲ. ರೊಟ್ಟಿ ಬೇಯಿಸುತ್ತಲೇ ಕೇಳಿದರು, “ಆ ಹುಡುಗನಿಗೆ ಮಿಠಾಯಿ ಇಷ್ಟ ಇರಲಿಲ್ವಾ?”

ಆ ಒಂದು ಪ್ರಶ್ನೆಗೆ ನನ್ನ ಸಂಗ್ರಹ ಬಿದ್ದುಹೋಯಿತು. ಈದ್ ಬೆಳಗಿನ ಸಡಗರ, ಸಾಲುಸಾಲಾಗಿ ನಮಾಜು, ಮಹಮೂದ್, ಮೊಹ್ಸಿನ್, ನೂರೆ, ಸಮ್ಮಿ ಎಂಬ ಹೆಸರುಗಳು, ಅವರು ಕೊಂಡ ಸಿಪಾಯಿ, ನೀರು ಹೊರುವವ, ವಕೀಲ, ಅಗಸಗಿತ್ತಿ ಗೊಂಬೆಗಳು, ಇಷ್ಟಕ್ಕೇ ಅರ್ಧಕ್ಕಿಂತ ಹೆಚ್ಚು ಪದ ಸುರಿದಿದ್ದೆ. ಹಾಮಿದ್ ಅಜ್ಜಿಗೆ ಇಕ್ಕಳ ಕೊಂಡ ಎಂಬುದೂ ಇತ್ತು. ಇಲ್ಲದ್ದು ಅವನ ಆಸೆ. ಆಸೆಯೇ ಇಲ್ಲದ ಹುಡುಗ ಇಕ್ಕಳ ಕೊಂಡರೆ ಅದು ಬರೀ ವ್ಯಾಪಾರ, ಅಲ್ಲಿ ಸಂಘರ್ಷ ಎಲ್ಲಿದೆ?

ಈ ಕಥೆಯ ಸಂಘರ್ಷ ಹಾಮಿದನಿಗೂ ಗೆಳೆಯರಿಗೂ ನಡುವಿನದು ಎಂದು ನಮ್ಮಲ್ಲಿ ಹಲವರು ಬರೆದಿದ್ದರು. ನಾನು ಒಪ್ಪುವುದಿಲ್ಲ. ಗೆಳೆಯರ ಜೊತೆಗಿನ ವಾದ ತಮಾಷೆಯಾಗಿದೆ, ನಿಜ. ಆದರೆ ನಿಜವಾದ ಜಗಳ ಮೂರು ಪೈಸೆಯೊಳಗಿದೆ. ಆ ಹಣ ಒಂದೇ ಸಲ ಖರ್ಚಾಗುತ್ತದೆ: ತನಗೋ, ಅಜ್ಜಿಗೋ?

ಎರಡನೇ ಸಲ ಈ ಒಂದು ಸಾಲನ್ನು ಮೊದಲು ಹಾಳೆಯ ಮೇಲೆ ಬರೆದುಕೊಂಡೆ. ಆಮೇಲೆ ಕಥೆಯ ಪ್ರತಿ ವಿವರವನ್ನೂ ಅದರ ಎದುರು ಇಟ್ಟು ನೋಡಿದೆ. ಇದನ್ನು ತೆಗೆದರೆ ಹಾಮಿದನ ಆಯ್ಕೆ ಸುಲಭವಾಗುತ್ತದೆಯೇ? ಹೌದಾದರೆ ಉಳಿಯಬೇಕು. ಗೆಳೆಯರ ಹೆಸರು ಹೋದರೆ ಏನೂ ಆಗದು. ಸುಡುವ ಬೆರಳು ಹೋದರೆ ಇಕ್ಕಳಕ್ಕೆ ಅರ್ಥವೇ ಇಲ್ಲ. ಕೊನೆಗೆ ಉಳಿದದ್ದು ಇದು:

ಅಪ್ಪ ಅಮ್ಮನನ್ನು ಕಳೆದುಕೊಂಡ ಪುಟ್ಟ ಹಾಮಿದ್ ಬಡ ಅಜ್ಜಿ ಅಮೀನಾಳ ಆಸರೆಯಲ್ಲಿದ್ದಾನೆ. ಈದ್ ದಿನ ಅವನು ಊರಿನ ಹುಡುಗರ ಜೊತೆ ಈದ್ಗಾಹ್‌ಗೆ ಹೊರಡುತ್ತಾನೆ. ಅವನ ಜೇಬಿನಲ್ಲಿರುವುದು ಮೂರೇ ಪೈಸೆ. ಗೆಳೆಯರ ಬಳಿ ಅದಕ್ಕಿಂತ ಹೆಚ್ಚಿದೆ. ನಮಾಜು ಮುಗಿದ ಮೇಲೆ ಅವರು ಅಂಗಡಿಗಳಲ್ಲಿ ಮಣ್ಣಿನ ಆಟಿಕೆ, ಮಿಠಾಯಿ ಕೊಳ್ಳುತ್ತಾರೆ. ಹಾಮಿದನಿಗೂ ಆಸೆ, ಆಟಿಕೆಗಳತ್ತ ಕೈ ತಾನಾಗಿ ಹೋಗುತ್ತದೆ, ಮಿಠಾಯಿ ತೋರಿಸಿ ಗೆಳೆಯರು ಅಣಕಿಸುತ್ತಾರೆ. ಆದರೆ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಇಕ್ಕಳ ಕಂಡಾಗ, ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುವುದು ನೆನಪಾಗುತ್ತದೆ. ಇಕ್ಕಳ ಕೊಂಡರೆ ತನಗೇನೂ ಉಳಿಯದು. ಆದರೂ ಚೌಕಾಸಿ ಮಾಡಿ ಮೂರೂ ಪೈಸೆ ಕೊಟ್ಟು ಅದನ್ನೇ ಕೊಳ್ಳುತ್ತಾನೆ. ಮೊದಲು ನಕ್ಕ ಗೆಳೆಯರು ಅವನ ವಾದ ಕೇಳಿ ಸೋಲುತ್ತಾರೆ. ಮನೆ ಸೇರಿದ ಮೇಲೆ ಅವರ ಆಟಿಕೆಗಳು ಒಡೆಯುತ್ತವೆ. ಏನೂ ತಿನ್ನದೆ ಇಕ್ಕಳ ತಂದನೆಂದು ಅಮೀನಾ ಸಿಟ್ಟಿನಿಂದ ಗದರುತ್ತಾಳೆ. ಅವನು ಕಾರಣ ಹೇಳಿದಾಗ, ಆಸೆ ನುಂಗಿಕೊಂಡ ಮೊಮ್ಮಗನಿಗಾಗಿ ಸೆರಗು ಚಾಚಿ ದುವಾ ಮಾಡುತ್ತಾ ಮಗುವಿನಂತೆ ಅಳುತ್ತಾಳೆ.

ಎಣಿಸಿ ನೋಡಿ, ನೂರೇ ಇದೆ. ನನಗೆ 98ಕ್ಕೇ ಮುಗಿದಿತ್ತು. ಕನ್ನಡದಲ್ಲಿ ಇಂಥ ಹೊತ್ತಿನಲ್ಲಿ ಒಂದು ಕಳ್ಳದಾರಿ ಇದೆ. ‘ಆಸರೆಯಲ್ಲಿದ್ದಾನೆ’ ಎಂಬುದನ್ನು ‘ಆಸರೆಯಲ್ಲಿ ಇದ್ದಾನೆ’ ಎಂದು ಬಿಡಿಸಿದರೆ ಒಂದು ಪದ ಹೆಚ್ಚುತ್ತದೆ. ಹೆಚ್ಚಾದಾಗ ಕೂಡಿಸಿದರೆ ಕಡಿಮೆಯಾಗುತ್ತದೆ. ಹೀಗೆ ಲೆಕ್ಕ ಸರಿಮಾಡಿದವರ ಬರಹ ಓದುವಾಗ ನಾಲಿಗೆ ತಡವರಿಸುತ್ತದೆ, ಅಲ್ಲೇ ಗೊತ್ತಾಗುತ್ತದೆ. ‘ಅತ್ಯಂತ’, ‘ತುಂಬಾ’ ಸೇರಿಸುವುದೂ ಅಷ್ಟೇ. ನಾನು ಕಥೆಗೇ ಮರಳಿದೆ. ‘ಕಾರಣ ತಿಳಿದಾಗ’ ಎಂದಿದ್ದದ್ದನ್ನು ‘ಅವನು ಕಾರಣ ಹೇಳಿದಾಗ’ ಎಂದು ಮಾಡಿದೆ, ಯಾಕೆಂದರೆ ಅಲ್ಲಿ ಹಾಮಿದನೇ ಬಾಯಿಬಿಟ್ಟು ಹೇಳುತ್ತಾನೆ. ‘ಕೈಯೆತ್ತಿ’ ಎಂಬುದು ‘ಸೆರಗು ಚಾಚಿ’ ಆಯಿತು, ಕಥೆಯಲ್ಲಿರುವುದೂ ಅದೇ.

‘ಈ ಕಥೆಯ ನೀತಿ’ ಎಂಬ ಸಾಲು ಇದರಲ್ಲಿ ಇಲ್ಲ. ಅಭ್ಯಾಸಬಲದಿಂದ ನಾವು ಅದಕ್ಕೆ ಹತ್ತು ಪದ ಎತ್ತಿಡುತ್ತೇವೆ. ಆ ಹತ್ತು ಪದ ಬರುವುದು ಹಾಮಿದನ ಆಸೆಯ ಸಾಲಿನಿಂದಲೇ, ಏಕೆಂದರೆ ಆ ಸಾಲಿನಲ್ಲಿರುವುದೂ ಸರಿಯಾಗಿ ಹತ್ತು ಪದ.

ಆಟಿಕೆ ಒಡೆದದ್ದು ಬೇಕಿರಲಿಲ್ಲ ಎಂದು ಬೆಂಚಿನ ಗೆಳೆಯ ಇನ್ನೂ ವಾದಿಸುತ್ತಿದ್ದಾನೆ. ಹಾಮಿದ್ ಆಯ್ಕೆ ಮಾಡಿ ಆಗಿತ್ತಲ್ಲ ಎನ್ನುತ್ತಾನೆ. ನನ್ನದೇ ಅಳತೆಗೋಲಿನಲ್ಲಿ ಅವನು ಗೆಲ್ಲಬಹುದು.

ಹೊಸದನ್ನು ಅಮ್ಮಿಗೆ ಓದಿದಾಗ ಮಿಠಾಯಿಯ ಮಾತು ಬರಲಿಲ್ಲ. “ಅಂಗಡಿಯವನು ಮೊದಲು ಎಷ್ಟು ಹೇಳಿದ್ದ?” ಎಂದು ಕೇಳಿದರು. ಆರು ಪೈಸೆ ಎಂದೆ.