ಶಿಗ್ಗಾಂವಿ–ಹಾನಗಲ್ ನಡುವೆ ಯಾರಿಗೂ ಸೇರದ ಜಾಗ ಇದೆಯೇ? ನಕ್ಷೆಯಲ್ಲಿ ಕಾಣುವ ಬಿಳಿ ಸೀಳಿನ ಕಥೆ

ತಾಲೂಕುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿದ ಹಾವೇರಿ ಜಿಲ್ಲೆಯ ನಕ್ಷೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮಳೆ ಎಷ್ಟಾಯಿತು, ಯಾವ ತಾಲೂಕಿನಲ್ಲಿ ಬರ ಎಂದು ತೋರಿಸುವ ಇಂಥ ಚಿತ್ರವನ್ನು ಬೆರಳಿಂದ ಹಿಗ್ಗಿಸಿ ನೋಡಿದರೆ, ಕೆಲವು ಸಲ ಎರಡು ತಾಲೂಕುಗಳ ನಡುವೆ ತೆಳುವಾದ ಬಿಳಿ ಸೀಳು ಕಾಣುತ್ತದೆ. ಅಲ್ಲಿಂದ ಮಾತು ಶುರುವಾಗುತ್ತದೆ: ‘ಈ ಜಾಗ ಯಾವ ತಾಲೂಕಿಗೂ ಸೇರಿಲ್ಲ’, ‘ನಮ್ಮ ಊರನ್ನು ಆ ಕಡೆ ಸೇರಿಸಿದ್ದಾರೆ’. ಗಡಿಯ ಹತ್ತಿರ ಹೊಲ ಇರುವವರಿಗೆ ಇದು ತಮಾಷೆಯಲ್ಲ. ಪಹಣಿ, ಬೆಳೆ ವಿಮೆ, ಪರಿಹಾರ ಎಲ್ಲವೂ ತಾಲೂಕಿನ ಹೆಸರಿಗೇ ಅಂಟಿಕೊಂಡಿವೆ.

ಆ ಸೀಳು ನೆಲದ ಮೇಲೆ ಇಲ್ಲ. ಅದು ಹುಟ್ಟುವುದು ನಕ್ಷೆಯನ್ನು ಚಿಕ್ಕದು ಮಾಡುವಾಗ. ಸ್ನಾತಕೋತ್ತರ ಓದಿನ ಪ್ರಾಜೆಕ್ಟಿಗಾಗಿ ನಾನು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ನಕ್ಷೆ ಮಾಡಿದಾಗ ನನ್ನದೂ ಹೀಗೇ ಹರಿದಿತ್ತು. ಹಾಗಾಗಿ ಇದು ಯಾರ ಸಂಚೂ ಅಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಅಳತೆ ನೋಡೋಣ. ಸುಮಾರು 100 ಕಿ.ಮೀ. ಅಗಲದ ಪ್ರದೇಶ ಮೊಬೈಲಿನ 5 ಸೆಂ.ಮೀ. ಅಗಲದಲ್ಲಿ ಕೂರಬೇಕು ಎಂದುಕೊಳ್ಳಿ. ಆಗ ಪರದೆಯ 1 ಮಿ.ಮೀ. ಎಂದರೆ ನೆಲದ ಮೇಲೆ 2 ಕಿ.ಮೀ. ಗಡಿಗೆರೆಯ ದಪ್ಪ 0.2 ಮಿ.ಮೀ. ಇದ್ದರೂ ಅದು 400 ಮೀಟರ್ ಅಗಲದ ಪಟ್ಟಿಯನ್ನೇ ಮುಚ್ಚುತ್ತದೆ. ವರದಾ ನದಿಯ ಪ್ರತಿಯೊಂದು ತಿರುವನ್ನೂ ಇಷ್ಟು ಚಿಕ್ಕ ಚಿತ್ರದಲ್ಲಿ ಬರೆದರೆ ಗೆರೆ ಗೆರೆಯ ಮೇಲೇ ಬಿದ್ದು ಮಸಿಯ ಕಲೆಯಂತಾಗುತ್ತದೆ, ಫೈಲ್ ಕೂಡ ಭಾರವಾಗುತ್ತದೆ. ಅದಕ್ಕೇ ನಕ್ಷೆ ಮಾಡುವವರು ಸಣ್ಣ ತಿರುವುಗಳನ್ನು ಬಿಟ್ಟು ದೊಡ್ಡವನ್ನು ಉಳಿಸುತ್ತಾರೆ. ಇದರಲ್ಲಿ ಮೋಸವಿಲ್ಲ, ಎಲ್ಲ ಚಿಕ್ಕ ನಕ್ಷೆಗಳೂ ಹೀಗೇ ಆಗುತ್ತವೆ.

ಯಾವ ಬಿಂದು ಬಿಡಬೇಕು, ಯಾವುದು ಉಳಿಯಬೇಕು ಎಂದು ತೀರ್ಮಾನಿಸಲು ಹೆಚ್ಚಾಗಿ ಬಳಸುವ ವಿಧಾನವನ್ನು ಡೇವಿಡ್ ಡಗ್ಲಸ್ ಮತ್ತು ಥಾಮಸ್ ಪ್ಯೂಕರ್ 1973ರಲ್ಲಿ ಪ್ರಕಟಿಸಿದರು. ಗೆರೆಯ ಎರಡು ತುದಿಗಳ ನಡುವೆ ದಾರ ಎಳೆದು ಕಟ್ಟಿದಂತೆ ಊಹಿಸಿಕೊಳ್ಳಿ. ದಾರದಿಂದ ಅತಿ ದೂರ ಇರುವ ಬಿಂದು ಯಾವುದು? ಅದರ ದೂರ ನಾವು ಕೊಟ್ಟ ಮಿತಿಗಿಂತ ಹೆಚ್ಚಿದ್ದರೆ ಆ ಬಿಂದುವನ್ನು ಉಳಿಸಿ, ಅದರ ಎರಡೂ ಬದಿಗೆ ಮತ್ತೆ ದಾರ ಎಳೆದು ನೋಡಬೇಕು. ಕಡಿಮೆ ಇದ್ದರೆ ನಡುವಿನ ಬಿಂದುಗಳನ್ನೆಲ್ಲ ಬಿಟ್ಟುಬಿಡಬೇಕು. ಅಷ್ಟೇ.

ವಿಧಾನ ಸರಿಯಾಗಿಯೇ ಇದೆ. ತಪ್ಪಾಗುವುದು ಅದನ್ನು ಹಚ್ಚುವ ರೀತಿಯಲ್ಲಿ. ಬಹಳಷ್ಟು ಫೈಲ್‌ಗಳಲ್ಲಿ ಪ್ರತಿ ತಾಲೂಕು ಬೇರೆ ಬೇರೆ ಆಕೃತಿಯಾಗಿ ಇರುತ್ತದೆ. ಹಾನಗಲ್ ಮತ್ತು ಶಿಗ್ಗಾಂವಿ ನಡುವಿನ ಒಂದೇ ಗಡಿ ಹಾನಗಲ್ಲಿನ ಆಕೃತಿಯಲ್ಲಿ ಒಮ್ಮೆ, ಶಿಗ್ಗಾಂವಿಯದರಲ್ಲಿ ಇನ್ನೊಮ್ಮೆ, ಹೀಗೆ ಎರಡು ಸಲ ಬರೆದಿರುತ್ತದೆ. ಸಾಫ್ಟ್‌ವೇರ್ ಒಂದೊಂದೇ ತಾಲೂಕನ್ನು ಎತ್ತಿಕೊಂಡು ಸರಳ ಮಾಡುತ್ತದೆ. ಪಕ್ಕದ ತಾಲೂಕಿನಲ್ಲಿ ಯಾವ ಬಿಂದು ಉಳಿಸಿದ್ದೆ ಎಂಬುದು ಅದಕ್ಕೆ ನೆನಪಿರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಎರಡು ತಾಲೂಕುಗಳ ಹಂಚಿಕೆಯ ಗಡಿ ‘ಕ’ದಿಂದ ‘ಘ’ವರೆಗೆ ನೇರವಾಗಿ 10 ಕಿ.ಮೀ. ಇದೆ. 4 ಕಿ.ಮೀ. ದಾಟಿದಾಗ ‘ಖ’ ಎಂಬಲ್ಲಿ ಗಡಿ ದಾರದಿಂದ 1 ಕಿ.ಮೀ. ಆಚೆ ಬಾಗಿದೆ. ಖ–ಘ ನಡುವೆ ‘ಗ’ ಎಂಬಲ್ಲಿ 400 ಮೀಟರ್‌ನಷ್ಟು ಚಿಕ್ಕದೊಂದು ತಿರುವಿದ್ದು, ಅದು ಶಿಗ್ಗಾಂವಿಯ ಒಳಕ್ಕೆ ಚಾಚಿದೆ. ನಾವು ಕೊಟ್ಟ ಮಿತಿ 500 ಮೀಟರ್.

ಹಾನಗಲ್ಲಿನ ಆಕೃತಿಯಲ್ಲಿ ‘ಖ’ ಉಳಿಯಿತು, 400 ಮೀಟರ್‌ನ ‘ಗ’ ಹೋಯಿತು. ಆದರೆ ಶಿಗ್ಗಾಂವಿಯ ಆಕೃತಿಯನ್ನು ಬರೆದವರು ಗೆರೆ ಎಳೆಯಲು ಶುರುಮಾಡಿದ್ದೇ ‘ಗ’ದಿಂದ ಎಂದಿಟ್ಟುಕೊಳ್ಳಿ. ಸುತ್ತಿ ಬರುವ ಗೆರೆಯಲ್ಲಿ ಆರಂಭದ ಬಿಂದುವನ್ನು ಈ ವಿಧಾನ ಎಂದೂ ಅಳಿಸುವುದಿಲ್ಲ. ಹಾಗಾಗಿ ಶಿಗ್ಗಾಂವಿಯಲ್ಲಿ ‘ಗ’ ಉಳಿಯಿತು. ಈಗ ಹಾನಗಲ್ ಖ–ಘ ನೇರ ಗೆರೆಯಲ್ಲೇ ನಿಲ್ಲುತ್ತದೆ, ಶಿಗ್ಗಾಂವಿ ‘ಗ’ದವರೆಗೆ ಹಿಂದೆ ಸರಿದಿದೆ. ನಡುವೆ 6 ಕಿ.ಮೀ. ಉದ್ದ, 400 ಮೀಟರ್ ಎತ್ತರದ ತ್ರಿಕೋನ ಖಾಲಿ ಬಿತ್ತು. ಅದರ ವಿಸ್ತೀರ್ಣ ಸುಮಾರು 1.2 ಚದರ ಕಿ.ಮೀ., ಅಂದರೆ 300 ಎಕರೆ! ಮೊಬೈಲಿನಲ್ಲಿ ಅದು 3 ಮಿ.ಮೀ. ಉದ್ದದ ಕೂದಲೆಳೆ, ಹಿಂದಿನ ಬಿಳಿ ಬಣ್ಣ ಅದರೊಳಗಿಂದ ಇಣುಕುತ್ತದೆ. ಅದೇ ‘ಗ’ ತಿರುವು ಹಾನಗಲ್ ಕಡೆಗೆ ಚಾಚಿದ್ದರೆ ಖಾಲಿ ಜಾಗದ ಬದಲು ಎರಡು ತಾಲೂಕುಗಳೂ ಒಂದರ ಮೇಲೊಂದು ಬೀಳುತ್ತಿದ್ದವು. ಅದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಏಕೆಂದರೆ ಮೇಲಿನ ಬಣ್ಣ ಕೆಳಗಿನದನ್ನು ಮುಚ್ಚಿರುತ್ತದೆ.

ಪರಿಹಾರ ಸರಳ: ಹಂಚಿಕೆಯ ಗಡಿಯನ್ನು ಒಂದೇ ಸಲ ಬರೆದಿಡುವುದು. ಮೂರು ತಾಲೂಕುಗಳು ಕೂಡುವ ಜಾಗಗಳನ್ನು ಗೂಟ ಹೊಡೆದಂತೆ ಅಲುಗದ ಬಿಂದುಗಳಾಗಿ ಇಡಬೇಕು. ಎರಡು ಗೂಟಗಳ ನಡುವಿನ ತುಂಡನ್ನು ಒಮ್ಮೆ ಮಾತ್ರ ಸರಳ ಮಾಡಬೇಕು. ಹಾನಗಲ್, ಶಿಗ್ಗಾಂವಿ ಎರಡೂ ಅದೇ ತುಂಡನ್ನು ಬಳಸುವುದರಿಂದ ‘ಗ’ ಹೋದರೆ ಇಬ್ಬರಿಗೂ ಹೋಯಿತು, ಉಳಿದರೆ ಇಬ್ಬರಿಗೂ ಉಳಿಯಿತು. ಬ್ರೌಸರ್‌ನಲ್ಲೇ ಉಚಿತವಾಗಿ ಸಿಗುವ mapshaper ಹೀಗೇ ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ ಬೇಕು. ಮೂಲ ಫೈಲಿನಲ್ಲೇ ಎರಡು ಗಡಿಗಳು ಕೂದಲೆಳೆಯಷ್ಟು ಬೇರೆ ಇದ್ದರೆ ಅದು ಅವನ್ನು ಎರಡು ಗಡಿಗಳೆಂದೇ ತಿಳಿಯುತ್ತದೆ, ಆದ್ದರಿಂದ ಮೊದಲು ಅವನ್ನು ಅಂಟಿಸಿಕೊಳ್ಳಬೇಕು. ಕೆಲಸ ಸರಿಯಾಗಿದೆಯೇ ಎಂದು ನಾನು ನೋಡುವುದು ಹೀಗೆ: ತಾಲೂಕುಗಳನ್ನೆಲ್ಲ ಒಂದಾಗಿ ಬೆಸೆದಾಗ ಒಳಗೆ ಒಂದೂ ತೂತು ಉಳಿಯಬಾರದು.

ನದಿಯದು ಇನ್ನೊಂದು ತಾಪತ್ರಯ. ಹಾನಗಲ್ ತಾಲೂಕಿನಲ್ಲಿ ಧರ್ಮಾ ನದಿ ವರದೆಯನ್ನು ಸೇರುತ್ತದೆ. ಆ ಸಂಗಮಕ್ಕೂ ಗೂಟ ಹೊಡೆಯದಿದ್ದರೆ, ಸರಳ ಮಾಡಿದ ಮೇಲೆ ಧರ್ಮಾ ವರದೆಯನ್ನು ಮುಟ್ಟದೆ ಹೊಲದಲ್ಲೇ ನಿಂತುಬಿಡಬಹುದು. ನದಿಯೇ ಗಡಿಯಾಗಿರುವ ಕಡೆ ಇನ್ನೂ ಕಷ್ಟ. ರಾಣೇಬೆನ್ನೂರು ತಾಲೂಕಿನ ಅಂಚಿನಲ್ಲಿ ತುಂಗಭದ್ರೆಯನ್ನು ನೋಡಿ. ನದಿಯನ್ನು ಒಂದು ಮಿತಿಯಲ್ಲಿ, ಜಿಲ್ಲಾ ಗಡಿಯನ್ನು ಇನ್ನೊಂದು ಮಿತಿಯಲ್ಲಿ ಸರಳ ಮಾಡಿದರೆ ನೀಲಿ ಗೆರೆ ಗಡಿಯ ಆಚೆ ಈಚೆ ತೂರಾಡುತ್ತದೆ. ಆಗ ‘ನಮ್ಮ ನದಿ ಅವರ ಪಾಲಾಯಿತು’ ಎಂಬ ಫಾರ್ವರ್ಡ್ ಸಿದ್ಧ. ಹಾಗೆಂದು ಎರಡನ್ನೂ ಕಣ್ಣುಮುಚ್ಚಿ ಅಂಟಿಸಲೂ ಬಾರದು. ಪ್ರವಾಹದಲ್ಲಿ ನದಿ ಪಾತ್ರ ಬದಲಿಸಿದರೂ ದಾಖಲೆಯ ಗಡಿ ತಾನಾಗಿ ಅದರ ಹಿಂದೆ ಹೋಗುವುದಿಲ್ಲ. ಅಂಥ ಕಡೆ ನದಿ ಮತ್ತು ಗಡಿ ನಿಜವಾಗಿಯೂ ಬೇರೆ ಬೇರೆ.

ಸೀಳು ಇಲ್ಲದ ನಕ್ಷೆಯನ್ನೂ ಹೊಲದ ಮಟ್ಟಕ್ಕೆ ಓದಲಾಗದು. ಗಡಿ ಇಬ್ಬರಿಗೂ ಒಟ್ಟಿಗೇ 400 ಮೀಟರ್ ಸರಿದಿರಬಹುದು. ಗಡಿಗೆ ಅಂಟಿಕೊಂಡ ಊರಿನ ಚುಕ್ಕೆ ಆಗ ಪಕ್ಕದ ತಾಲೂಕಿನ ಬಣ್ಣದೊಳಗೆ ಬೀಳುತ್ತದೆ. ನಿಮ್ಮ ಜಮೀನು ಯಾವ ತಾಲೂಕಿನದು ಎಂದು ಹೇಳುವುದು ಪಹಣಿ ಮತ್ತು ಗ್ರಾಮ ನಕಾಶೆ. ನಮ್ಮ ರಾಜ್ಯದ ಗ್ರಾಮ ನಕಾಶೆಗಳು ಸಾಮಾನ್ಯವಾಗಿ 1:7,920 ಅಳತೆಯವು, ಅಲ್ಲಿ 1 ಮಿ.ಮೀ. ಎಂದರೆ ಸುಮಾರು 8 ಮೀಟರ್ ಮಾತ್ರ.

ಗಡಿ ನಿಜವಾಗಿ ಬದಲಾಗುವುದೂ ಉಂಟು, ಆದರೆ ಅದು ಸರ್ಕಾರದ ಅಧಿಸೂಚನೆಯಿಂದ. ಹಿರೇಕೆರೂರಿನಿಂದ ಬೇರ್ಪಟ್ಟು ರಟ್ಟೀಹಳ್ಳಿ ತಾಲೂಕಾದದ್ದು ಹಾಗೆ. ಫಾರ್ವರ್ಡ್ ಆದ ನಕ್ಷೆಯಲ್ಲಿ ಹಿರೇಕೆರೂರು ರಟ್ಟೀಹಳ್ಳಿಯನ್ನೂ ಒಳಗೊಂಡು ದೊಡ್ಡದಾಗಿ ಕಂಡರೆ, ಅದನ್ನು ಮಾಡಿದವರ ಕೈಯಲ್ಲಿದ್ದದ್ದು ಹಳೆಯ ಫೈಲ್.