ಈ ಕಣ್ಣು ಶಿಬಿರದ ದಿನಕ್ಕೆ ಕಾಯುವುದಿಲ್ಲ

ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಂಧುಗಳೇ,

ಕಣ್ಣು ಮಂಜಾಯಿತೆಂದರೆ ನಮ್ಮ ಕಡೆ ಬರುವ ಮೊದಲ ಮಾತು, ‘ಪೊರೆ ಬಂದಿರಬೇಕು, ಬಲೀಲಿ ಬಿಡು, ಕ್ಯಾಂಪ್ ಬಂದಾಗ ತೋರಿಸಿದರಾಯ್ತು.’ ಡಾ. ಎಂ.ಸಿ. ಮೋದಿಯವರು ಶಿಬಿರಗಳನ್ನು ಹಾಕಿ ಸಾವಿರಾರು ಜನರ ಪೊರೆ ತೆಗೆದ ನಾಡು ಇದು. ಕಾಯುವ ಅಭ್ಯಾಸ ಅಲ್ಲಿಂದಲೂ ಬಂದಿರಬಹುದು. ಪೊರೆಯೇನೋ ತಿಂಗಳುಗಟ್ಟಲೆ ಕಾಯುತ್ತದೆ. ಆದರೆ ಕಣ್ಣಿನ ಹಿಂಬದಿಯ ಪದರ, ಅಂದರೆ ರೆಟಿನಾ, ಕಳಚಿಕೊಳ್ಳಲು ಶುರುವಾದರೆ ಲೆಕ್ಕ ದಿನಗಳದ್ದು, ಕೆಲವೊಮ್ಮೆ ಗಂಟೆಗಳದ್ದು. ಈ ಮನವಿ ಅದರ ಬಗ್ಗೆ.

ಕಣ್ಣುಗುಡ್ಡೆಯೊಳಗೆ ತಿಳಿಯಾದ ಲೋಳೆ ತುಂಬಿರುತ್ತದೆ. ವಯಸ್ಸಾದಂತೆ ಅದು ನೀರಾಗಿ, ಕುಗ್ಗಿ, ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಬಹಳ ಜನರಿಗೆ ಇದರಿಂದ ತೊಂದರೆಯಿಲ್ಲ. ಎಲ್ಲಾದರೂ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಮಾತ್ರ ಬಿಡುವಾಗ ಪದರವನ್ನು ಎಳೆದು ಹರಿಯುತ್ತದೆ. ಆ ಹರಕಿನಿಂದ ನೀರು ಹಿಂದಕ್ಕೆ ನುಗ್ಗಿದರೆ, ತೇವ ಹಿಡಿದ ಗೋಡೆಯಿಂದ ಸುಣ್ಣದ ಪದರ ಎದ್ದುಬರುವಂತೆ ರೆಟಿನಾ ಎದ್ದುಬರುತ್ತದೆ. ನೋವಿಲ್ಲ, ಕೆಂಪಿಲ್ಲ, ಕೀವಿಲ್ಲ. ಜನ ಮೋಸಹೋಗುವುದೇ ಇಲ್ಲಿ.

ಹೊಸದುರ್ಗದ ಕಡೆ ತೆಂಗಿನ ತೋಟವಿರುವ, ಅರವತ್ತರ ಆಸುಪಾಸಿನ ಒಬ್ಬರನ್ನು ಊಹಿಸಿಕೊಳ್ಳಿ. ಎರಡು ವರ್ಷದ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದ್ದಾರೆ. ಸೋಮವಾರ ಬೆಳಿಗ್ಗೆ ಆ ಕಣ್ಣಿನ ಮುಂದೆ ಇದ್ದಕ್ಕಿದ್ದಂತೆ ಸೊಳ್ಳೆ ಹಿಂಡು, ಮಸಿ ಉದುರಿದ ಹಾಗೆ. ರಾತ್ರಿ ದೀಪ ಆರಿಸಿದರೆ ಕಣ್ಣಂಚಿನಲ್ಲಿ ಮಿಂಚು. ಇಂಥ ಹೊಸ ಲಕ್ಷಣ ಕಂಡವರಲ್ಲಿ ಸುಮಾರು ಏಳರಲ್ಲಿ ಒಬ್ಬರಿಗೆ ರೆಟಿನಾ ಹರಿದಿರುತ್ತದೆ. ಉಳಿದ ಆರು ಜನಕ್ಕೆ ಗಾಬರಿಯೇ ಬೇಕಿಲ್ಲ. ಆದರೆ ಆ ಒಬ್ಬರು ಯಾರೆಂಬುದು ಪಾಪೆ ಹಿಗ್ಗಿಸಿ ಒಳಗೆ ನೋಡದೆ ತಿಳಿಯದು. ನಮ್ಮ ತೋಟದವರೇ ಆ ಒಬ್ಬರು ಅನ್ನಿ. ಮಂಗಳವಾರವೇ ತೋರಿಸಿದ್ದರೆ ಹರಕಿನ ಸುತ್ತ ಲೇಸರ್ ಬೆಸುಗೆ ಹಾಕಿ ಸಂಜೆಗೆ ಮನೆಗೆ ಕಳಿಸುತ್ತಿದ್ದರು. ಹೊಲಿಗೆಯಿಲ್ಲ, ಅಡ್ಮಿಟ್ ಆಗಬೇಕಿಲ್ಲ.

ಇವರು ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡರು. ಮನೆಯಲ್ಲಿ ನಂದಿಬಟ್ಟಲ ಹೂವಿನ ರಸವನ್ನೂ ಬಿಟ್ಟರು. ಕಣ್ಣಿನ ಮುಂಭಾಗಕ್ಕೆ ಬಿಟ್ಟದ್ದು ಹಿಂದಿನ ಹರಕನ್ನು ಹೊಲಿಯುತ್ತದೆಯೇ? ಗುರುವಾರ ಕೆಳಗಿನಿಂದ ಕರಿ ನೆರಳು ಏಳತೊಡಗಿತು, ಪರದೆ ಎಳೆದಂತೆ. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ನೆರಳು ಕೆಳಗೆ ಕಂಡರೆ ಕಳಚಿದ್ದು ಪದರದ ಮೇಲ್ಭಾಗ. ಅಲ್ಲಿಂದ ನೀರು ತನ್ನ ಭಾರಕ್ಕೇ ಕೆಳಕ್ಕಿಳಿಯುವುದರಿಂದ ಇದು ಬೇಗ ಹಬ್ಬುವ ಬಗೆ.

ಅಕ್ಷರ, ಮುಖ ಗುರುತಿಸುವುದು ರೆಟಿನಾದ ನಟ್ಟನಡುವಿನ ಚುಕ್ಕೆಯಷ್ಟು ಜಾಗ. ನೆರಳು ಅಲ್ಲಿಗೆ ಮುಟ್ಟುವ ಮುನ್ನ ಆಪರೇಷನ್ ಆದರೆ ಓದುವ ದೃಷ್ಟಿ ಉಳಿಯುವ ಅವಕಾಶ ಹೆಚ್ಚು; ಅದಕ್ಕೇ ಅಂಥವರನ್ನು ಸಾಧ್ಯವಾದರೆ ಒಂದೆರಡು ದಿನದೊಳಗೇ ಟೇಬಲ್ಲಿಗೆ ತೆಗೆದುಕೊಳ್ಳುತ್ತಾರೆ. ಇವರು ಭಾನುವಾರ, ಹೆಂಡತಿಯ ಮುಖ ಕಾಣದಾದ ಮೇಲೆ ಹೊರಟರು. ಪದರವನ್ನು ಆಗಲೂ ಕೂರಿಸಬಹುದು, ಕೂರಿಸಲೂಬೇಕು. ಆದರೆ ಪಹಣಿಯ ಸಣ್ಣ ಅಕ್ಷರ ಆ ಕಣ್ಣಿಗೆ ಮತ್ತೆ ಸಿಗದೇ ಹೋಗಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮೈನಸ್ ನಂಬರಿನ ದಪ್ಪ ಕನ್ನಡಕದವರು, ಪೊರೆ ತೆಗೆಸಿದವರು, ಕಣ್ಣಿಗೆ ಪೆಟ್ಟು ಬಿದ್ದವರು, ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದವರು ಆಗಾಗ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದರ ಕೊರತೆಯನ್ನು ಮುಚ್ಚಿಹಾಕುತ್ತದೆ. ವರ್ಷಗಳಿಂದ ತೇಲುತ್ತಿರುವ ಒಂದೆರಡು ಎಳೆಗೆ ಹೆದರಬೇಡಿ. ಹೊಸದಾಗಿ, ಒಮ್ಮೆಲೇ, ಹೆಚ್ಚಾಗಿ ಬಂದದ್ದಕ್ಕೆ ಅವತ್ತೇ ಹೊರಡಿ. ನೆರಳು ಕಂಡರಂತೂ ಸಂತೆ, ಮದುವೆ, ಅಮಾವಾಸ್ಯೆ ಯಾವುದನ್ನೂ ನೋಡಬೇಡಿ.

ಕನ್ನಡಕದ ಅಂಗಡಿಯ ಬಂಧುಗಳೇ, ನಿಮ್ಮ ಕಂಪ್ಯೂಟರ್ ಟೆಸ್ಟ್ ನಂಬರ್ ಹೇಳುತ್ತದೆ, ಹರಕು ತೋರಿಸುವುದಿಲ್ಲ. ‘ಸೊಳ್ಳೆ ಹಾರುತ್ತೆ’ ಅಂದವರಿಗೆ ಹೊಸ ಗ್ಲಾಸ್ ಕೊಡುವ ಮೊದಲು ಡಾಕ್ಟರ ಹತ್ತಿರ ಕಳಿಸಿ. ಆಶಾ ಕಾರ್ಯಕರ್ತೆಯರೇ, ಪೊರೆ ತೆಗೆಸಿದವರ ಮನೆಗೆ ಹೋದಾಗ ಸೊಳ್ಳೆ, ಮಿಂಚು, ಪರದೆ ಈ ಮೂರನ್ನೂ ಕೇಳಿ.

ತಾಲ್ಲೂಕಿನಲ್ಲಿ ರೆಟಿನಾ ತಜ್ಞರು ಸಿಗದಿದ್ದರೆ ಹತ್ತಿರದ ಕಣ್ಣಿನ ಡಾಕ್ಟರನ್ನು ಮೊದಲು ನೋಡಿ, ಚೀಟಿ ಬರೆಸಿಕೊಂಡು ದಾವಣಗೆರೆಯೋ ಶಿವಮೊಗ್ಗವೋ ಬೆಂಗಳೂರೋ, ಅವತ್ತೇ ನೋಡುತ್ತೇವೆ ಅಂದ ಕಡೆಗೆ ಹೋಗಿ. ಫೋನಿನಲ್ಲಿ ‘ಕಣ್ಣು ಮಂಜು’ ಅನ್ನಬೇಡಿ, ಮುಂದಿನ ವಾರದ ದಿನ ಕೊಟ್ಟುಬಿಡುತ್ತಾರೆ. ‘ನಿನ್ನೆಯಿಂದ ಒಂದು ಕಣ್ಣಿಗೆ ಪರದೆ ಬಿದ್ದಂತಿದೆ’ ಅನ್ನಿ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ನಾಲ್ಕಾರು ಗಂಟೆ ಮಂಜಾಗಿರುತ್ತದೆ. ಬೈಕ್ ಮನೆಯಲ್ಲೇ ಬಿಟ್ಟು ಬಸ್ಸಿಗೆ ಹೋಗಿ, ಜೊತೆಗೊಬ್ಬರನ್ನು ಕರೆದುಕೊಂಡು.