ಚೆಂಡು ಎಷ್ಟು ಸಲ ಪುಟಿಯುತ್ತದೆ? ಮೇಜನ್ನೇ ಮಗುಚಿ ನೋಡಿ

ಬಿಲಿಯರ್ಡ್ಸ್ ಮೇಜು 5 ಅಡಿ ಉದ್ದ, 3 ಅಡಿ ಅಗಲ ಇದೆ. ನಾಲ್ಕು ಮೂಲೆಗಳಲ್ಲಷ್ಟೇ ಕುಳಿ. ಒಂದು ಮೂಲೆಯಿಂದ 45 ಡಿಗ್ರಿಯಲ್ಲಿ ಹೊಡೆದ ಚೆಂಡು ಎಷ್ಟು ಸಲ ಪುಟಿದು ಯಾವ ಕುಳಿಗೆ ಬೀಳುತ್ತದೆ? ಇಂಥ ಒಗಟು ವಾಟ್ಸ್‌ಆ್ಯಪ್‌ಗೆ ಬಂದರೆ ನಾವು ಅಂಕುಡೊಂಕು ಗೆರೆ ಎಳೆಯಲು ಕೂರುತ್ತೇವೆ. ನಾಲ್ಕನೇ ಬಡಿತದ ಹೊತ್ತಿಗೆ ಚಿತ್ರ ಗೋಜಲು!

ಅಂಚಿಗೆ ಬಡಿದ ಚೆಂಡು ಬಂದ ಕೋನದಲ್ಲೇ ಮರಳುತ್ತದೆ, ಕನ್ನಡಿಗೆ ಬಿದ್ದ ಬೆಳಕಿನಂತೆ. ಹಾಗಾಗಿ ಅಂಚಿನ ಆಚೆ ಮೇಜಿನ ಪ್ರತಿಬಿಂಬ ಬರೆದುಕೊಂಡರೆ ಚೆಂಡು ತಿರುಗದೆ ನೇರವಾಗಿ ಅದರೊಳಗೆ ಹೋದಂತೆ. ಪ್ರತಿ ಅಂಚಿನಲ್ಲೂ ಹೀಗೇ ಮಗುಚುತ್ತ ಹೋದರೆ ಇಡೀ ದಾರಿ ಒಂದೇ ನೇರ ಗೆರೆ.

45 ಡಿಗ್ರಿ ಎಂದರೆ ಅಡ್ಡಕ್ಕೆ ಹೋದಷ್ಟೇ ಮೇಲಕ್ಕೂ ಹೋಗುತ್ತದೆ. 5 ಮತ್ತು 3 ಎರಡರಿಂದಲೂ ಭಾಗವಾಗುವ ಮೊದಲ ಸಂಖ್ಯೆ 15. ಅಲ್ಲೇ ಮೂಲೆ ಸಿಗುತ್ತದೆ. ಅಷ್ಟರಲ್ಲಿ ಅಡ್ಡಕ್ಕೆ 3 ಮೇಜು, ಮೇಲಕ್ಕೆ 5 ಮೇಜು. ನಡುವೆ ದಾಟಿದ ಅಂಚುಗಳು 2 ಮತ್ತು 4, ಅಂದರೆ 6 ಪುಟಿತ. ಎರಡು ಸಲ, ನಾಲ್ಕು ಸಲ ಮಗುಚಿದ ಮೇಜು ಮೊದಲಿನಂತೆಯೇ ಇರುವುದರಿಂದ ಚೆಂಡು ಬೀಳುವುದು ಕರ್ಣದ ಆಚೆ ತುದಿಯ ಕುಳಿಗೆ.

ಇದು ಚುಕ್ಕೆಯಷ್ಟು ಚೆಂಡಿನ ಲೆಕ್ಕ. ನಿಜವಾದ ಚೆಂಡಿನ ನಡುಬಿಂದು ಅಂಚನ್ನು ಮುಟ್ಟುವುದೇ ಇಲ್ಲ. 2 ಇಂಚು ದಪ್ಪದ ಚೆಂಡಿಗೆ 60 ಮತ್ತು 36 ಇಂಚಿನ ಮೇಜು 58 ಮತ್ತು 34 ಆಗಿಬಿಡುತ್ತದೆ. ಮಗುಚಬೇಕಾದದ್ದು ಈ ಚಿಕ್ಕ ಮೇಜನ್ನು. ಚೆಂಡು ಗಿರಕಿ ಹೊಡೆಯುತ್ತಿದ್ದರಂತೂ ಕೋನವೇ ಬದಲಾಗುತ್ತದೆ.